ಆಟೋಗೆ ಹಾಕಿದಾಗ ವಾಲ್ವ್ ಒದೆಯದಿರಲು ಐದು ದಾರಿ: ನಿಮ್ಮ ಲೂಪ್‌ಗೆ ಯಾವುದು?

"ಸಾರ್, ಆಟೋಗೆ ಹಾಕಿದ್ರೆ ವಾಲ್ವ್ ಒದೀತದೆ. ಅದಕ್ಕೇ ನಾವು ಮ್ಯಾನುಯಲ್‌ನಲ್ಲೇ ಓಡಿಸ್ತೀವಿ."

ಸಕ್ಕರೆ ಕಾರ್ಖಾನೆಯೊಂದರಲ್ಲಿ ನೈಟ್ ಶಿಫ್ಟ್ ಆಪರೇಟರ್ ನನಗೆ ಹೇಳಿದ ಮಾತಿದು. ಹಸಿ ರಸ ಕಾಯಿಸುವ ಹೀಟರ್‌ನ ಸ್ಟೀಮ್ ವಾಲ್ವ್ ಬಗ್ಗೆ ಅವರು ಹೇಳುತ್ತಿದ್ದರು. ಹಿಂದಿನ ರಾತ್ರಿ ಕಬ್ಬು ಸಿಕ್ಕಿಕೊಂಡು ಮಿಲ್ ನಿಂತಿತ್ತು. ರಸದ ಹರಿವು ಇಳಿದಾಗ ಅವರು ವಾಲ್ವನ್ನು ಮ್ಯಾನುಯಲ್‌ಗೆ ತಂದು 30%ಗೆ ಇಳಿಸಿದ್ದರು. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಆಟೋ ಒತ್ತಿದರು. ವಾಲ್ವ್ ಒಂದೇ ಸಲಕ್ಕೆ ಪೂರ್ತಿ ತೆರೆದುಕೊಂಡಿತು. 75 ಡಿಗ್ರಿಯಲ್ಲಿ ಇರಬೇಕಿದ್ದ ರಸ 90ರ ಹತ್ತಿರ ಹೋಯಿತು. ಎಕ್ಸಾಸ್ಟ್ ಸ್ಟೀಮ್ ಹೆಡರ್‌ನ ಪ್ರೆಶರ್ ಕುಸಿದು, ಇವಾಪೊರೇಟರ್ ಕಡೆಯವರು ಫೋನ್‌ನಲ್ಲಿ ಬೈದರು.

ತಪ್ಪು ಆಪರೇಟರ್‌ದಲ್ಲ. ಪ್ರೋಗ್ರಾಂ ಬರೆದವರು ಒಂದು ಕೆಲಸ ಬಿಟ್ಟಿದ್ದರು. ಮ್ಯಾನುಯಲ್‌ನಲ್ಲಿದ್ದಷ್ಟು ಹೊತ್ತು ಕಂಟ್ರೋಲರ್‌ನ ಲೆಕ್ಕ ನಿಜವಾದ ವಾಲ್ವ್‌ನ ಬೆನ್ನು ಹತ್ತಿರಬೇಕು. ಅದಕ್ಕೆ ಟ್ರ್ಯಾಕಿಂಗ್ ಅಂತಾರೆ. ಅದಿದ್ದರೆ ಮೋಡ್ ಬದಲಾಯಿಸುವಾಗ ಜಿಗಿತ ಇರುವುದಿಲ್ಲ, ಅದೇ ಬಂಪ್‌ಲೆಸ್ ಟ್ರಾನ್ಸ್‌ಫರ್. ಹೀಗೆ ಬೆನ್ನು ಹತ್ತಿಸಲು ನಾಲ್ಕೈದು ದಾರಿಗಳಿವೆ. "ನಮ್ಮ ಪಿಎಲ್‌ಸಿಯಲ್ಲಿ ಯಾವುದನ್ನು ಹಾಕಲಿ?" ಎಂದು ಕೇಳುವ ಕಿರಿಯ ಗೆಳೆಯರಿಗೆ ಒಂದೇ ಉತ್ತರ ಕೊಡಲು ಬರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಆ ರಾತ್ರಿಯ ಲೆಕ್ಕ

ಟೆಂಪರೇಚರ್‌ನ ರೇಂಜ್ 0ರಿಂದ 150 ಡಿಗ್ರಿ. ಸೆಟ್‌ಪಾಯಿಂಟ್ 75, ಅಂದರೆ 50%. ಗೇನ್ 2, ಇಂಟಿಗ್ರಲ್ ಟೈಮ್ 120 ಸೆಕೆಂಡ್. ಪಿಐ ಮಾತ್ರ, ಡೆರಿವೇಟಿವ್ ಇಲ್ಲ. ಮಿಲ್ ನಿಲ್ಲುವ ಮೊದಲು ಆಟೋದಲ್ಲಿ ವಾಲ್ವ್ 52%ನಲ್ಲಿ ನೆಮ್ಮದಿಯಾಗಿ ಕೂತಿತ್ತು. ಎರರ್ ಸೊನ್ನೆ, ಹಾಗಾಗಿ ಪಿ ಪಾಲು ಸೊನ್ನೆ. ಪೂರ್ತಿ 52 ಇದ್ದದ್ದು ಇಂಟಿಗ್ರಲ್‌ನಲ್ಲಿ.

ಆಪರೇಟರ್ 30%ಗೆ ಇಳಿಸಿದ ಮೇಲೆ ರಸ 69 ಡಿಗ್ರಿಗೆ ಬಂದು ನಿಂತಿತು. 69 ಅಂದರೆ 46%. ಎರರ್ 4%. ವಾಲ್ವ್ ಈಗ ಕಂಟ್ರೋಲರ್‌ನ ಮಾತು ಕೇಳುತ್ತಿಲ್ಲ. ಆದರೆ ಹಿಂದೆ ಇಂಟಿಗ್ರಲ್ ಮಾತ್ರ ಸುಮ್ನೆ ಕೂಡುತ್ತಲೇ ಇದೆ. ಗೇನ್ 2 × ಎರರ್ 4 = 8. ಇಷ್ಟು ಪ್ರತಿ 120 ಸೆಕೆಂಡಿಗೆ ಸೇರುತ್ತದೆ. 1200 ಸೆಕೆಂಡಿಗೆ 80. 52ಕ್ಕೆ 80 ಸೇರಿದರೆ 132. ಮಿತಿ ಇದ್ದದ್ದರಿಂದ 100ಕ್ಕೆ ನಿಂತಿತು. ಆಟೋ ಒತ್ತಿದ ಕ್ಷಣ ವಾಲ್ವ್ 30ರಿಂದ 100ಕ್ಕೆ ಹೋಯಿತು.

ಒದೆತ ಅಲ್ಲಿಗೇ ಮುಗಿಯಲಿಲ್ಲ. ರಸ 90 ಡಿಗ್ರಿ ಮುಟ್ಟಿದಾಗ ಎರರ್ −10%, ಪಿ ಪಾಲು −20. ಆದರೆ ಇಂಟಿಗ್ರಲ್ ಇನ್ನೂ 100ರ ಹತ್ತಿರವೇ ಇತ್ತು. ಹಾಗಾಗಿ ರಸ 15 ಡಿಗ್ರಿ ಜಾಸ್ತಿ ಕಾದಿದ್ದರೂ ವಾಲ್ವ್ 80ರ ಸುತ್ತ ತೆರೆದೇ ಇತ್ತು. ಇಂಟಿಗ್ರಲ್ ಇಳಿಯಲು ನಿಮಿಷಗಳೇ ಬೇಕು. ಹಸಿ ರಸ ಹುಳಿ ಇರುತ್ತದೆ, ಹುಳಿಯಲ್ಲಿ ಜಾಸ್ತಿ ಕಾದರೆ ಸಕ್ಕರೆ ಒಡೆಯುತ್ತದೆ. ನಷ್ಟ ಬರೀ ಸ್ಟೀಮ್‌ದಲ್ಲ.

"ಮ್ಯಾನುಯಲ್‌ನಲ್ಲಿ ಇಂಟಿಗ್ರಲ್ ಅನ್ನು ಹಾಗೇ ಹಿಡಿದಿಟ್ಟರೆ ಸಾಕಲ್ವಾ?" ಅಂತ ಕೇಳಬಹುದು. ಸಾಲದು. ಹಿಡಿದಿಟ್ಟರೆ 52 ಇರುತ್ತದೆ, ಪಿ ಪಾಲು 8, ಒಟ್ಟು 60. ಜಿಗಿತ 70ರಿಂದ 30ಕ್ಕೆ ಇಳಿಯಿತು, ಅಷ್ಟೇ. ನಮಗೆ ಬೇಕಾದದ್ದು ಒಟ್ಟು 30. ಪಿ ಪಾಲು 8 ಅಂತ ಗೊತ್ತು. ಹಾಗಾದರೆ ಇಂಟಿಗ್ರಲ್ 22 ಇರಲೇಬೇಕು. ಇಡೀ ವಿಷಯದ ತಿರುಳು ಈ 22. ಯಾವ ದಾರಿ ಹಿಡಿದರೂ, ಆಟೋ ಒತ್ತುವ ಮೊದಲು ಇಂಟಿಗ್ರಲ್ ಅಲ್ಲಿಗೆ ಬಂದಿರಬೇಕು.

ಯಾವುದನ್ನು ನೋಡಿ ಆರಿಸಬೇಕು

ನಾನು ಮೊದಲು ಕೇಳುವ ಪ್ರಶ್ನೆ: ಈ ವಾಲ್ವನ್ನು ಯಾರು ಯಾರು ಆಡಿಸಬಹುದು? ಸ್ಕ್ರೀನ್‌ನಲ್ಲಿ ಕೂತ ಆಪರೇಟರ್ ಒಬ್ಬರೇನಾ, ಅಥವಾ ಕೆಳಗೆ ಫೀಲ್ಡ್‌ನಲ್ಲಿ ಲೋಕಲ್ ಸ್ವಿಚ್ ಇದೆಯಾ? ಎರಡನೆಯದು: ಮ್ಯಾನುಯಲ್‌ನಲ್ಲಿ ಇದ್ದಾಗ ಸೆಟ್‌ಪಾಯಿಂಟ್ ಹಾಗೇ ಉಳಿಯಬೇಕಾ, ಅಥವಾ ಬದಲಾದರೂ ಅಡ್ಡಿಯಿಲ್ಲವಾ? ಮೂರನೆಯದು: ಆಟೋಗೆ ಬಂದ ಮೇಲೆ ಲೂಪ್ ತಾನೇ ಸೆಟ್‌ಪಾಯಿಂಟ್ ಕಡೆ ಹೋಗಬೇಕಾ, ಎಷ್ಟು ಬೇಗ? ಕೊನೆಗೆ ಖರ್ಚು. ಕೆಲವು ದಾರಿಗೆ ನಾಲ್ಕು ಸಾಲು ಕೋಡ್ ಸಾಕು. ಕೆಲವಕ್ಕೆ ಕೇಬಲ್ ಎಳೆಯಬೇಕು, ಇನ್‌ಪುಟ್ ಕಾರ್ಡಿನಲ್ಲಿ ಜಾಗ ಹುಡುಕಬೇಕು.

ಈ ನಾಲ್ಕರಲ್ಲಿ ಮೊದಲನೆಯದೇ ಮುಖ್ಯ. ಅದಕ್ಕೆ ತಪ್ಪು ಉತ್ತರ ಹಿಡಿದರೆ ಉಳಿದ ಮೂರೂ ಸರಿ ಇದ್ದು ಪ್ರಯೋಜನವಿಲ್ಲ.

ಒಂದು: ಕೈಯಲ್ಲೇ ಸರಿದೂಗಿಸುವುದು

ಇದು ನ್ಯೂಮ್ಯಾಟಿಕ್ ಕಾಲದ ಪದ್ಧತಿ. ಆಗ 3–15 psi ಗಾಳಿಯೇ ಸಿಗ್ನಲ್. ಕೈಯಿಂದ ಕೊಡುವ ಗಾಳಿಯನ್ನೂ ಕಂಟ್ರೋಲರ್‌ನಿಂದ ಬರುವ ಗಾಳಿಯನ್ನೂ ಗೇಜ್‌ನಲ್ಲಿ ನೋಡಿ ಸಮ ಮಾಡಿ, ಆಮೇಲೆ ಸ್ವಿಚ್ ತಿರುಗಿಸುತ್ತಿದ್ದರು. ಎರಡೂ ಬದಿ ಕಣ್ಣಿಗೆ ಕಾಣುತ್ತಿದ್ದರಿಂದ ಅದು ನಡೆಯುತ್ತಿತ್ತು.

ಈಗಿನ ಸ್ಕ್ರೀನ್‌ಗಳಲ್ಲಿ ಮ್ಯಾನುಯಲ್‌ನಲ್ಲಿದ್ದಾಗ ಕಂಟ್ರೋಲರ್ ಒಳಗೆ ಏನು ಲೆಕ್ಕ ಹಾಕುತ್ತಿದೆ ಅನ್ನುವುದು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಅದಕ್ಕೆ ಜನ ಇನ್ನೊಂದು ಉಪಾಯ ಹೇಳುತ್ತಾರೆ: "ಮ್ಯಾನುಯಲ್‌ನಲ್ಲೇ ಟೆಂಪರೇಚರ್ ಅನ್ನು ಸೆಟ್‌ಪಾಯಿಂಟ್‌ಗೆ ತಂದು ಆಟೋಗೆ ಹಾಕಿ, ಒದೆಯಲ್ಲ." ಇದು ಅರ್ಧ ಸತ್ಯ. ಎರರ್ ಸೊನ್ನೆ ಆದರೆ ಪಿ ಪಾಲು ಸೊನ್ನೆ ಆಗುತ್ತದೆ, ನಿಜ. ಇಂಟಿಗ್ರಲ್ ಎಲ್ಲಿದೆ? ಹಿಡಿದಿಟ್ಟ 52ರಲ್ಲೇ ಇದ್ದು, ಈಗಿನ ಹರಿವಿಗೆ 75 ಡಿಗ್ರಿ ಹಿಡಿಯಲು ವಾಲ್ವ್ 34 ಸಾಕು ಅಂದುಕೊಳ್ಳಿ. ಆಟೋ ಒತ್ತಿದರೆ 34ರಿಂದ 52ಕ್ಕೆ ಹಾರುತ್ತದೆ.

ಒಳಗಿನ ಲೆಕ್ಕ ಸ್ಕ್ರೀನ್‌ನಲ್ಲಿ ಕಾಣುವ ಹಾಗಿದ್ದು, ತಿಂಗಳಿಗೊಮ್ಮೆ ಮಾತ್ರ ಮೋಡ್ ಬದಲಾಗುವ ನಿಧಾನದ ಲೂಪ್ ಆದರೆ ಈ ದಾರಿ ನಡೆದೀತು. ಬೇರೆಡೆ ಬೇಡ. ಪ್ರತಿ ಶಿಫ್ಟ್‌ನಲ್ಲಿ ಬೇರೆ ಬೇರೆ ಕೈ ಆಡುವಾಗ ಒಬ್ಬರಲ್ಲ ಒಬ್ಬರು ಮರೆಯುತ್ತಾರೆ.

ಎರಡು: ಸೆಟ್‌ಪಾಯಿಂಟ್ ಹಿಂಬಾಲಿಸುವುದು

ಮ್ಯಾನುಯಲ್‌ನಲ್ಲಿದ್ದಾಗ ಸೆಟ್‌ಪಾಯಿಂಟ್ ತಾನಾಗಿ ಟೆಂಪರೇಚರ್‌ನ ಹಿಂದೆ ಹೋಗುತ್ತದೆ. ರಸ 69 ಇದ್ದರೆ ಸೆಟ್‌ಪಾಯಿಂಟ್ 69. ಎರರ್ ಯಾವಾಗಲೂ ಸೊನ್ನೆ. ತುಂಬಾ ಡಿಸಿಎಸ್‌ಗಳಲ್ಲಿ ಇದು ಒಂದು ಟಿಕ್ ಗುರುತಿನಷ್ಟು ಸುಲಭ. ಅದಕ್ಕೇ ಜನ ಬೇಗ ಇದಕ್ಕೆ ಬೀಳುತ್ತಾರೆ.

ಆದರೆ ಇದು ಒಂದೇ ಸಾಲದು, ಕಾರಣ ಮೇಲೆ ಹೇಳಿದ್ದೇ. ಎರರ್ ಸೊನ್ನೆ ಆದರೆ ಇಂಟಿಗ್ರಲ್ ಓಡುವುದು ನಿಲ್ಲುತ್ತದೆ, ಆದರೆ ಸರಿಯಾದ ಜಾಗಕ್ಕೆ ಬರುವುದಿಲ್ಲ. ಪಿ ಪಾಲು ಸೊನ್ನೆಯಾದ್ದರಿಂದ ಇಲ್ಲಿ ಅದು 22 ಅಲ್ಲ, 30 ಆಗಿರಬೇಕು, ಆದರೆ 52ರಲ್ಲಿ ನಿಂತಿರುತ್ತದೆ. ಮುಂದೆ ಹೇಳುವ ಮೂರನೇ ದಾರಿಯ ಜೊತೆಗೆ ಇದು ಒಳ್ಳೆಯ ಜೋಡಿ. ಒಂಟಿಯಾಗಿ ಅಲ್ಲ.

ಇನ್ನೊಂದು ತೊಡಕು ಮನುಷ್ಯರದ್ದು. ಆಟೋಗೆ ಹಾಕಿದಾಗ ಏನೂ ಅಲುಗುವುದಿಲ್ಲ, ಎಲ್ಲಾ ಸರಿ ಕಾಣುತ್ತದೆ. ಸೆಟ್‌ಪಾಯಿಂಟ್ 69ರಲ್ಲೇ ಉಳಿದದ್ದು ಯಾರಿಗೂ ಹೊಳೆಯುವುದಿಲ್ಲ. ಬೆಳಿಗ್ಗೆ ಲ್ಯಾಬ್‌ನವರು ಕೇಳುವ ತನಕ ರಸ 69ರಲ್ಲೇ ಹೋಗಿರುತ್ತದೆ. ನೆನಪಾಗಿ 75 ಅಂತ ಒಮ್ಮೆಲೇ ಹೊಡೆದರೆ, ಆಗ ಪಿ ಪಾಲು 8% ಜಿಗಿಯುತ್ತದೆ. ತಪ್ಪಿಸಿಕೊಂಡ ಜಿಗಿತವನ್ನು ಇನ್ನೊಂದು ಬಾಗಿಲಿನಿಂದ ಕರೆದ ಹಾಗೆ. ಸೆಟ್‌ಪಾಯಿಂಟ್ ನಿಧಾನಕ್ಕೆ ಏರುವ ಹಾಗೆ ರ‍್ಯಾಂಪ್ ಇಟ್ಟರೆ ಇದು ಸರಿಹೋಗುತ್ತದೆ.

ಸೆಟ್‌ಪಾಯಿಂಟ್ ಅನ್ನು ಆಪರೇಟರ್ ದಿನಕ್ಕೆ ಹತ್ತು ಸಲ ಬದಲಾಯಿಸುವ ಫ್ಲೋ ಲೂಪ್‌ಗೆ, ಕ್ಯಾಸ್ಕೇಡ್‌ನ ಒಳಗಿನ ಲೂಪ್‌ಗೆ ಇದು ಹೊಂದುತ್ತದೆ. ಡ್ರಮ್ ಲೆವೆಲ್ ತರಹ ಸೆಟ್‌ಪಾಯಿಂಟ್ ಅಲುಗಲೇಬಾರದ ಕಡೆ ನಾನಂತೂ ಹಾಕುವುದಿಲ್ಲ.

ಮೂರು: ಇಂಟಿಗ್ರಲ್ ಅನ್ನು ಹಿಂದಿನಿಂದ ಲೆಕ್ಕ ಹಾಕುವುದು

ಮೇಲಿನ 22 ನೆನಪಿದೆಯಲ್ಲ, ಅದನ್ನು ಪ್ರೋಗ್ರಾಂ ತಾನೇ ಲೆಕ್ಕ ಹಾಕಲಿ. ಮ್ಯಾನುಯಲ್‌ನಲ್ಲಿದ್ದಷ್ಟು ಹೊತ್ತು ಪ್ರತಿ ಸ್ಕ್ಯಾನ್‌ನಲ್ಲೂ ಔಟ್‌ಪುಟ್‌ನಿಂದ ಪಿ ಪಾಲನ್ನು ಕಳೆದು ಉಳಿದದ್ದನ್ನು ಇಂಟಿಗ್ರಲ್‌ಗೆ ಬರೆಯುವುದು.

```
E := SP - PV;
IF NOT AUTO THEN
    OUT := MAN;
    I   := OUT - KP*E;
ELSE
    I   := I + KP*E*TS/TI;
    OUT := LIMIT(0.0, KP*E + I, 100.0);
    MAN := OUT;
END_IF;
```

ಆಟೋದಲ್ಲಿ ಔಟ್‌ಪುಟ್ 0ಕ್ಕೋ 100ಕ್ಕೋ ತಾಗಿದಾಗ ಇಂಟಿಗ್ರಲ್ ಅನ್ನು ತಡೆಯುವ ಭಾಗವನ್ನು ಇಲ್ಲಿ ಬಿಟ್ಟಿದ್ದೇನೆ, ನೀವು ಬಿಡಬೇಡಿ.

ನಮ್ಮ ಹೀಟರ್‌ಗೆ ಇದನ್ನು ಹಾಕಿ ನೋಡೋಣ. ಆಟೋ ಒತ್ತಿದಾಗ ಇಂಟಿಗ್ರಲ್ 22, ಪಿ 8, ಔಟ್‌ಪುಟ್ 30. ವಾಲ್ವ್ ಅಲುಗುವುದಿಲ್ಲ. ಆಮೇಲೆ ಎರರ್ 4 ಇರುವುದರಿಂದ ಇಂಟಿಗ್ರಲ್ ನಿಮಿಷಕ್ಕೆ 4%ನ ಹಾಗೆ ಏರತೊಡಗುತ್ತದೆ. ವಾಲ್ವ್ ಮೆಲ್ಲಗೆ ತೆರೆಯುತ್ತದೆ. ಸೆಟ್‌ಪಾಯಿಂಟ್ 75ರಲ್ಲೇ ಇದೆ, ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ.

ಕೋಡ್‌ನ ಕೊನೆಯ ಸಾಲು `MAN := OUT` ನೋಡಿ. ಆಟೋದಿಂದ ಮ್ಯಾನುಯಲ್‌ಗೆ ಬರುವ ಉಲ್ಟಾ ದಾರಿಗೆ ಅದೇ ಕಾವಲು. ಆಪರೇಟರ್ ಮ್ಯಾನುಯಲ್ ಬೆಲೆ ಹೊಡೆಯುವ ಟ್ಯಾಗ್‌ನಲ್ಲಿ ಹೋದ ವಾರದ ಸೊನ್ನೆ ಕೂತಿದ್ದರೆ, ಮ್ಯಾನುಯಲ್ ಒತ್ತಿದ ಕ್ಷಣ ವಾಲ್ವ್ ಮುಚ್ಚಿಹೋಗುತ್ತದೆ. ಗಾಬರಿಯಲ್ಲಿದ್ದಾಗ ತಾನೇ ನಾವು ಮ್ಯಾನುಯಲ್ ಒತ್ತುವುದು? ಆ ಹೊತ್ತಿನಲ್ಲಿ ವಾಲ್ವ್ ಹಾಗೆ ಮಾಡಿದರೆ ಆಪರೇಟರ್ ಮುಂದೆಂದೂ ಆ ಲೂಪ್ ನಂಬುವುದಿಲ್ಲ. ಹೆಚ್ಚಿನವರು ಒಂದು ದಿಕ್ಕು ಮಾತ್ರ ಪರೀಕ್ಷೆ ಮಾಡಿ ಇದನ್ನು ಮರೆಯುತ್ತಾರೆ.

ಈ ದಾರಿಯಲ್ಲಿ ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಕೆಲವರು ಇಂಟಿಗ್ರಲ್ ಓಡಿಹೋಗದಿರಲಿ ಅಂತ ಅದಕ್ಕೇ 0–100 ಮಿತಿ ಹಾಕಿರುತ್ತಾರೆ. ಸ್ಟಾರ್ಟಪ್ ಹೊತ್ತು, ರಸ 45 ಡಿಗ್ರಿ, ಅಂದರೆ 30%. ಎರರ್ 20%, ಪಿ ಪಾಲು 40. ವಾಲ್ವ್ ಮ್ಯಾನುಯಲ್‌ನಲ್ಲಿ 30. ಇಂಟಿಗ್ರಲ್ ಎಷ್ಟಿರಬೇಕು? −10. ಮಿತಿ ಅದನ್ನು ಸೊನ್ನೆಗೆ ತಂದು ನಿಲ್ಲಿಸುತ್ತದೆ. ಆಟೋ ಒತ್ತಿದರೆ 40, ಅಂದರೆ 10% ಜಿಗಿತ. ಸೆಟ್‌ಪಾಯಿಂಟ್ ಹತ್ತಿರ ಪರೀಕ್ಷೆ ಮಾಡಿದಾಗೆಲ್ಲಾ ಚೆನ್ನಾಗಿದ್ದು, ಸ್ಟಾರ್ಟಪ್‌ನಲ್ಲಿ ಮಾತ್ರ ಒದೆಯುವ ಲೂಪ್ ಕಂಡರೆ ಮೊದಲು ಈ ಮಿತಿ ಹುಡುಕಿ. ಮಿತಿ ಇರಬೇಕಾದದ್ದು ಔಟ್‌ಪುಟ್‌ಗೆ. ಇಂಟಿಗ್ರಲ್ ಸೊನ್ನೆಗಿಂತ ಕೆಳಗೆ ಹೋಗಲು ಬಿಡಬೇಕು.

ರೆಡಿಮೇಡ್ ಬ್ಲಾಕ್ ಬಳಸುವವರು ಈ ಕೋಡ್ ಬರೆಯಬೇಕಾಗಿಯೇ ಇಲ್ಲದಿರಬಹುದು. ಸೀಮೆನ್ಸ್‌ನ `CONT_C` ಬ್ಲಾಕ್ ಮ್ಯಾನುಯಲ್‌ನಲ್ಲಿ ತನ್ನ ಇಂಟಿಗ್ರಲ್ ಅನ್ನು `LMN - LMN_P - DISV` ಅಂತ ತಾನೇ ಹೊಂದಿಸಿಕೊಳ್ಳುತ್ತದೆ. ನಾವು ಮಾಡಿದ್ದೂ ಅದೇ ಕಳೆಯುವ ಲೆಕ್ಕ, ಫೀಡ್‌ಫಾರ್ವರ್ಡ್ ಒಂದು ಜಾಸ್ತಿ. ಆದರೆ ಇದು ಆ ಬ್ಲಾಕ್‌ನದೇ ಮ್ಯಾನುಯಲ್ ಬಿಟ್ ಬಳಸಿದರೆ ಮಾತ್ರ. ಬ್ಲಾಕ್ ಅನ್ನು ಯಾವಾಗಲೂ ಆಟೋದಲ್ಲೇ ಬಿಟ್ಟು, ಅದರ ಹೊರಗೆ ತಾವೇ ಒಂದು ಸ್ವಿಚ್ ಬರೆದು ಅನಲಾಗ್ ಔಟ್‌ಪುಟ್‌ಗೆ ಕೊಡುವವರಿದ್ದಾರೆ. ಆ ರಾತ್ರಿಯ ಹೀಟರ್‌ನಲ್ಲಿ ಆಗಿದ್ದದ್ದು ಇದೇ. ಬ್ಲಾಕ್‌ಗೆ ತಾನು ಮ್ಯಾನುಯಲ್‌ನಲ್ಲಿದ್ದೇನೆ ಅಂತ ಗೊತ್ತೇ ಇರಲಿಲ್ಲ.

ಖರ್ಚು ಸೊನ್ನೆ, ಕೇಬಲ್ ಬೇಡ. ವಾಲ್ವ್ ಆಡಿಸುವವರು ಸ್ಕ್ರೀನ್‌ನ ಆಪರೇಟರ್ ಒಬ್ಬರೇ ಆಗಿದ್ದರೆ ಹತ್ತರಲ್ಲಿ ಎಂಟು ಲೂಪ್‌ಗೆ ಇಷ್ಟೇ ಸಾಕು ಅನ್ನುವುದು ನನ್ನ ಅನುಭವ.

ನಾಲ್ಕು: ಹೊರಗಿನಿಂದ ಬರುವ ನಿಜವಾದ ಬೆಲೆಯನ್ನು ಹಿಂಬಾಲಿಸುವುದು

ಮೂರನೇ ದಾರಿಗೆ ಒಂದು ಷರತ್ತು ಇದೆ: ಕಂಟ್ರೋಲರ್‌ಗೆ ಮ್ಯಾನುಯಲ್ ಬೆಲೆ ಗೊತ್ತಿರಬೇಕು. ಬಾಯ್ಲರ್‌ನ ಐಡಿ ಫ್ಯಾನ್ ನೋಡಿ. ವಿಎಫ್‌ಡಿ ಪ್ಯಾನೆಲ್ ಮೇಲೆ ಲೋಕಲ್–ರಿಮೋಟ್ ಸ್ವಿಚ್. ಎಲೆಕ್ಟ್ರಿಷಿಯನ್ ಲೋಕಲ್‌ಗೆ ಹಾಕಿ 42 ಹರ್ಟ್ಜ್ ಇಟ್ಟಿದ್ದಾರೆ. ಕಂಟ್ರೋಲ್ ರೂಮ್‌ನಲ್ಲಿ ಡ್ರಾಫ್ಟ್ ಕಂಟ್ರೋಲರ್ ಆಟೋದಲ್ಲೇ ಇದೆ. ಅದು ಎಷ್ಟು ಕೂಗಿದರೂ ಫ್ಯಾನ್ ಕೇಳುವುದಿಲ್ಲ. ಡ್ರಾಫ್ಟ್ ಸ್ವಲ್ಪ ಜಾಸ್ತಿ ಇದೆ ಅಂತ ಅದು ಇಳಿಸುತ್ತಾ ಇಳಿಸುತ್ತಾ 20%ಗೆ ಬಂದು ಕೂತಿದೆ. ಆಗ ಯಾರೋ ರಿಮೋಟ್‌ಗೆ ತಿರುಗಿಸುತ್ತಾರೆ. ಫ್ಯಾನ್ ಸೊರಗುತ್ತದೆ, ಫರ್ನೇಸ್ ಪಾಸಿಟಿವ್ ಆಗುತ್ತದೆ, ಬಗಾಸ್ ಹಾಕುವ ಬಾಯಿಂದ ಬೆಂಕಿ ಹೊರಗೆ ಬರುತ್ತದೆ. ಇಲ್ಲಿ ಒದೆತ ಅಂದರೆ ಮೈ ಸುಡುವ ವಿಷಯ.

ಇಂಥ ಕಡೆ ಎರಡು ವೈರಿಂಗ್ ಬೇಕೇ ಬೇಕು. ಒಂದು, ಸ್ವಿಚ್ ರಿಮೋಟ್‌ನಲ್ಲಿದೆ ಅಂತ ಹೇಳುವ ಡಿಜಿಟಲ್ ಇನ್‌ಪುಟ್. ಇನ್ನೊಂದು, ನಿಜವಾದ ಸ್ಪೀಡ್ ಹೇಳುವ 4–20 mA ಫೀಡ್‌ಬ್ಯಾಕ್. ರಿಮೋಟ್ ಇಲ್ಲದಿದ್ದಷ್ಟು ಹೊತ್ತು ಕಂಟ್ರೋಲರ್ ಟ್ರ್ಯಾಕ್ ಮೋಡ್‌ನಲ್ಲಿದ್ದು, ಫೀಡ್‌ಬ್ಯಾಕ್ ಬೆಲೆಯನ್ನೇ ತನ್ನ ಔಟ್‌ಪುಟ್ ಅಂತ ಇಟ್ಟುಕೊಳ್ಳಬೇಕು. ಕೋಡ್ ಅದೇ, `MAN` ಜಾಗದಲ್ಲಿ ಫೀಡ್‌ಬ್ಯಾಕ್.

ಸ್ಕೇಲ್ ಬಗ್ಗೆ ಎಚ್ಚರ. ಫೀಡ್‌ಬ್ಯಾಕ್ 0–50 ಹರ್ಟ್ಜ್‌ಗೆ ಹೊಂದಿಸಿದ್ದಾರೆ, ಆದರೆ ಕಂಟ್ರೋಲರ್‌ನಿಂದ ಹೋಗುವ ಕಮಾಂಡ್ 20–50 ಹರ್ಟ್ಜ್‌ಗೆ, ಯಾಕಂದರೆ ಫ್ಯಾನ್ 20ಕ್ಕಿಂತ ಕೆಳಗೆ ಓಡಬಾರದು. 42 ಹರ್ಟ್ಜ್ ಫೀಡ್‌ಬ್ಯಾಕ್‌ನಲ್ಲಿ 84% ಅಂತ ಕಾಣುತ್ತದೆ. ಕಮಾಂಡ್ ಲೆಕ್ಕದಲ್ಲಿ ಅದೇ 42 ಅಂದರೆ 73.3%. ಟ್ರ್ಯಾಕಿಂಗ್ ನಿಷ್ಠೆಯಿಂದ 84 ಹಿಡಿದುಕೊಂಡು ಕೂತು, ರಿಮೋಟ್ ಬಂದ ಕೂಡಲೇ 84% ಕಮಾಂಡ್ ಕೊಡುತ್ತದೆ, ಅಂದರೆ 45.2 ಹರ್ಟ್ಜ್. ಟ್ರ್ಯಾಕಿಂಗ್ ಇದ್ದೂ ಜಿಗಿತ. ಯಾವಾಗಲೂ ಮೇಲ್ಮುಖವಾಗಿ, ಕಡಿಮೆ ಸ್ಪೀಡ್‌ನಲ್ಲಿ ಜಾಸ್ತಿ ಜಿಗಿಯುತ್ತಿದ್ದರೆ ಸ್ಕೇಲ್ ಮೇಲೆ ಅನುಮಾನ ಪಡಿ.

ಈ ದಾರಿಯ ಇನ್ನೊಂದು ರೂಪ ಪುಸ್ತಕಗಳಲ್ಲಿ ಸಿಗುತ್ತದೆ. ಫೀಡ್‌ಬ್ಯಾಕ್‌ಗೂ ಕಂಟ್ರೋಲರ್ ಲೆಕ್ಕಕ್ಕೂ ಇರುವ ವ್ಯತ್ಯಾಸವನ್ನು ಒಂದು ಟ್ರ್ಯಾಕಿಂಗ್ ಟೈಮ್‌ನಿಂದ ಭಾಗಿಸಿ, ಆಟೋ–ಮ್ಯಾನುಯಲ್ ಎರಡರಲ್ಲೂ ಇಂಟಿಗ್ರಲ್‌ಗೆ ಸೇರಿಸುತ್ತಲೇ ಇರುವುದು. ಒಂದೇ ಏರ್ಪಾಡು, ಮೋಡ್ ಬದಲಾವಣೆಗೂ ವಾಲ್ವ್ ಕೊನೆ ಮುಟ್ಟಿದಾಗಲೂ ಕೆಲಸಕ್ಕೆ ಬರುತ್ತದೆ. ಚೆಂದ ಕಾಣುತ್ತದೆ. ಆದರೆ ಆ ಟೈಮ್ ಎಷ್ಟಿಡಬೇಕು ಅನ್ನುವಲ್ಲಿ ಹಗ್ಗಜಗ್ಗಾಟ ಇದೆ.

ಹೀಟರ್‌ಗೇ ಬರೋಣ. ವಾಲ್ವ್ ಪೊಸಿಷನರ್‌ನಿಂದ ಫೀಡ್‌ಬ್ಯಾಕ್ ತಂದಿದ್ದೀರಿ, ಟ್ರ್ಯಾಕಿಂಗ್ ಟೈಮ್ ಅನ್ನು ಇಂಟಿಗ್ರಲ್ ಟೈಮ್‌ನಷ್ಟೇ, 120 ಸೆಕೆಂಡ್ ಇಟ್ಟಿದ್ದೀರಿ. ಮ್ಯಾನುಯಲ್‌ನಲ್ಲಿ ಎರರ್ 4% ಇಂಟಿಗ್ರಲ್ ಅನ್ನು ಮೇಲೆ ದೂಡುತ್ತಿರುತ್ತದೆ, ಟ್ರ್ಯಾಕಿಂಗ್ ಕೆಳಗೆ ಎಳೆಯುತ್ತಿರುತ್ತದೆ. ಎರಡೂ ಸಮ ಆಗುವುದು ಲೆಕ್ಕದ ಔಟ್‌ಪುಟ್ 38 ಆದಾಗ, 30 ಆದಾಗ ಅಲ್ಲ. 8% ಜಿಗಿತ ಉಳಿಯಿತು. ಟ್ರ್ಯಾಕಿಂಗ್ ಟೈಮ್ ಅನ್ನು 12 ಸೆಕೆಂಡ್‌ಗೆ ಇಳಿಸಿದರೆ ಉಳಿಯುವುದು 0.8% ಮಾತ್ರ. ಹಾಗಾದರೆ ಇಳಿಸಿಬಿಡೋಣ ಅಲ್ವಾ?

ಆಟೋದಲ್ಲಿ ಏನಾಗುತ್ತದೆ ನೋಡಿ. ಪೊಸಿಷನ್ ಫೀಡ್‌ಬ್ಯಾಕ್ ಕರಾರುವಾಕ್ಕಾಗಿ ಇರುವುದು ಅಪರೂಪ. 1% ತಪ್ಪು ತೋರಿಸುತ್ತಿದೆ ಅಂತಿಟ್ಟುಕೊಳ್ಳಿ. ಟ್ರ್ಯಾಕಿಂಗ್ ಆ 1% ಅನ್ನು ನಿಜವೆಂದು ನಂಬಿ ಇಂಟಿಗ್ರಲ್ ಅನ್ನು ಎಳೆಯುತ್ತಲೇ ಇರುತ್ತದೆ. ಅದನ್ನು ಸರಿದೂಗಿಸಲು ಎರರ್ ಉಳಿಯಲೇಬೇಕು. 120 ಸೆಕೆಂಡ್ ಇದ್ದಾಗ ಉಳಿಯುವ ಎರರ್ 0.5%, ಅಂದರೆ ಮುಕ್ಕಾಲು ಡಿಗ್ರಿ, ತೊಂದರೆಯಿಲ್ಲ. 12 ಸೆಕೆಂಡ್ ಮಾಡಿದರೆ ಅದೇ 1% ತಪ್ಪಿಗೆ 5% ಎರರ್, ಏಳೂವರೆ ಡಿಗ್ರಿ! ಇಂಟಿಗ್ರಲ್ ಇದ್ದೂ ಲೂಪ್ ಸೆಟ್‌ಪಾಯಿಂಟ್ ಮುಟ್ಟುವುದಿಲ್ಲ. ಟ್ಯೂನಿಂಗ್ ಮಾಡಿ ಮಾಡಿ ತಲೆ ಕೆಡಿಸಿಕೊಳ್ಳುತ್ತೀರಿ, ಕಾರಣ ಬೇರೆಲ್ಲೋ ಇರುತ್ತದೆ.

ನನ್ನ ಆಯ್ಕೆ ಹೀಗೆ: ಅಳೆದು ತಂದ ಫೀಡ್‌ಬ್ಯಾಕ್ ಅನ್ನು ಕೈ ಬೇರೆಯವರದ್ದಾಗಿದ್ದಾಗ ಮಾತ್ರ, ಆಗ ತಕ್ಷಣದ ಲೆಕ್ಕದಲ್ಲಿ, ಬಳಸುವುದು. ಆಟೋದಲ್ಲಿ ಅದನ್ನು ಇಂಟಿಗ್ರಲ್ ಹತ್ತಿರ ಬಿಟ್ಟುಕೊಳ್ಳದಿರುವುದು. ಆಟೋದಲ್ಲಿ ಮಿತಿ ಮುಟ್ಟಿದ್ದನ್ನು ತಿಳಿಯಲು ಕಂಟ್ರೋಲರ್‌ನದೇ ಮಿತಿ ಹಾಕಿದ ಔಟ್‌ಪುಟ್ ಸಾಕು, ಅದರಲ್ಲಿ ಅಳತೆಯ ತಪ್ಪು ಇರುವುದಿಲ್ಲ.

ಕ್ಯಾಸ್ಕೇಡ್‌ಗೂ ಇದೇ ನಿಯಮ. ಹೊರಗಿನ ಲೂಪ್‌ನ ವಾಲ್ವ್ ಅಂದರೆ ಒಳಗಿನ ಲೂಪ್‌ನ ಸೆಟ್‌ಪಾಯಿಂಟ್. ಒಳಗಿನದು ಕ್ಯಾಸ್ಕೇಡ್‌ನಲ್ಲಿ ಇಲ್ಲದಿರುವಾಗ ಹೊರಗಿನದು ಆ ಸೆಟ್‌ಪಾಯಿಂಟ್ ಅನ್ನು ಟ್ರ್ಯಾಕ್ ಮಾಡಬೇಕು. ಸೇರಿಸುವಾಗ ಒಳಗಿನದನ್ನು ಮೊದಲು ಆಟೋಗೆ ತಂದು, ಆಮೇಲೆ ಹೊರಗಿನದು.

ಐದು: ಏರಿಳಿತ ಮಾತ್ರ ಲೆಕ್ಕ ಹಾಕುವ ವೆಲಾಸಿಟಿ ರೂಪ

ಇಲ್ಲಿ ಕಂಟ್ರೋಲರ್ ಔಟ್‌ಪುಟ್ ಎಷ್ಟಿರಬೇಕು ಅಂತ ಲೆಕ್ಕ ಹಾಕುವುದೇ ಇಲ್ಲ. ಈಗಿರುವುದಕ್ಕೆ ಎಷ್ಟು ಸೇರಿಸಬೇಕು ಅಂತ ಮಾತ್ರ ಹೇಳುತ್ತದೆ. ಈಗಿರುವುದು ಆಪರೇಟರ್ ಇಟ್ಟ 30 ಆದರೆ ಅಲ್ಲಿಂದಲೇ ಶುರು. ಬೇರೆ ಇಂಟಿಗ್ರಲ್ ಇಲ್ಲವಾದ್ದರಿಂದ ಓಡಿಹೋಗಲೂ ಏನಿಲ್ಲ. ರಾಕ್‌ವೆಲ್‌ನ `PIDE` ಈ ರೂಪದ್ದೇ.

ತಾನೇ ಬರೆಯುವವರು ಎರಡು ಕಡೆ ಎಡವುತ್ತಾರೆ. ಮೊದಲನೆಯದು, ಪಿ ಪಾಲು ಹಿಂದಿನ ಎರರ್‌ಗೂ ಈಗಿನದಕ್ಕೂ ಇರುವ ವ್ಯತ್ಯಾಸ. ಮ್ಯಾನುಯಲ್‌ನಲ್ಲಿದ್ದಾಗ ಹಿಂದಿನ ಎರರ್ ಅನ್ನು ಹೊಸದಾಗಿಸದೆ ಬಿಟ್ಟರೆ ಅದು ಇಪ್ಪತ್ತು ನಿಮಿಷ ಹಳೆಯ ಸೊನ್ನೆಯಾಗಿರುತ್ತದೆ. ಆಟೋದ ಮೊದಲ ಸ್ಕ್ಯಾನ್‌ನಲ್ಲೇ 4 ವ್ಯತ್ಯಾಸ ಕಂಡು 8% ಜಿಗಿಯುತ್ತದೆ.

ಎರಡನೆಯದು ಇನ್ನೂ ಕಳ್ಳ. ಹಳೆಯ ಪಿಎಲ್‌ಸಿಯಲ್ಲಿ ಔಟ್‌ಪುಟ್ ಅನ್ನು 0–27648 ಪೂರ್ಣಾಂಕದಲ್ಲಿ ಇಟ್ಟುಕೊಂಡಿದ್ದಾರೆ, ಸ್ಕ್ಯಾನ್ 0.1 ಸೆಕೆಂಡ್. ಎರರ್ 2% ಇದ್ದಾಗ ಒಂದು ಸ್ಕ್ಯಾನ್‌ಗೆ ಸೇರಬೇಕಾದದ್ದು 0.92 ಎಣಿಕೆ. ದಶಮಾಂಶ ಕತ್ತರಿಸಿದರೆ ಸೊನ್ನೆ. ಅಂದರೆ ರಸ 3 ಡಿಗ್ರಿ ಕಡಿಮೆ ಇದ್ದರೂ ವಾಲ್ವ್ ಕದಲುವುದಿಲ್ಲ. ಮೋಡ್ ಬದಲಾವಣೆ ಬೆಣ್ಣೆ ಹಾಗೆ ಆಗುತ್ತದೆ, ಲೂಪ್ ಮಾತ್ರ ಕೆಲಸ ಮಾಡುವುದಿಲ್ಲ! ಔಟ್‌ಪುಟ್ ಅನ್ನು `REAL`ನಲ್ಲಿ ಇಟ್ಟು, ಕಾರ್ಡ್‌ಗೆ ಬರೆಯುವಾಗ ಮಾತ್ರ ಪೂರ್ಣಾಂಕ ಮಾಡಿ.

ಬರೀ ಪಿ ಇರುವ ಲೂಪ್‌ಗೆ ಈ ರೂಪ ಆಗದು. ಇಂಟಿಗ್ರಲ್ ಇಲ್ಲದ ವೆಲಾಸಿಟಿಗೆ ಸೆಟ್‌ಪಾಯಿಂಟ್ ಎಲ್ಲಿದೆ ಅನ್ನುವುದೇ ತಿಳಿಯುವುದಿಲ್ಲ. ತೆರೆ–ಮುಚ್ಚು ಪಲ್ಸ್‌ನಿಂದ ಓಡುವ ಮೋಟಾರ್ ವಾಲ್ವ್‌ಗಳಿಗಾದರೆ ಇದೇ ಸಹಜ.

ರ‍್ಯಾಂಪ್ ಬಗ್ಗೆ ಒಂದು ಮಾತು

"ಔಟ್‌ಪುಟ್‌ಗೆ ಸೆಕೆಂಡಿಗೆ 1% ಮಿತಿ ಹಾಕಿದ್ದೀವಿ ಸಾರ್, ಈಗ ಒದೆಯಲ್ಲ" ಅನ್ನುವವರು ಸಿಗುತ್ತಾರೆ. ಆ ರಾತ್ರಿ ಅದಿದ್ದಿದ್ದರೆ ವಾಲ್ವ್ 100 ಮುಟ್ಟಲು 70 ಸೆಕೆಂಡ್ ಹಿಡಿಯುತ್ತಿತ್ತು. ರಸ ಆಗಲೂ ಕಾದು ಹೋಗುತ್ತಿತ್ತು. ತಪ್ಪು ಜಾಗಕ್ಕೆ ನಿಧಾನವಾಗಿ ಹೋಗುವುದು ಪರಿಹಾರವಲ್ಲ. ಅದನ್ನು ಐದರಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ಹಾಗಾದರೆ ನಿಮಗೆ?

ಹೊಸದಾಗಿ ಬರೆಯುತ್ತಿದ್ದೀರಿ, ವಾಲ್ವ್‌ಗೆ ಸ್ಕ್ರೀನ್ ಬಿಟ್ಟು ಬೇರೆ ಯಜಮಾನರಿಲ್ಲ: ಮೂರನೆಯದು. ರೆಡಿಮೇಡ್ ಬ್ಲಾಕ್ ಇದ್ದರೆ ಅದರ ಮ್ಯಾನುಯಲ್ ಬಿಟ್ ಬಳಸಿ, ಹೊರಗೆ ಸ್ವಿಚ್ ಕಟ್ಟಬೇಡಿ. ಫೀಲ್ಡ್‌ನಲ್ಲಿ ಲೋಕಲ್ ಸ್ವಿಚ್ ಇದೆ: ನಾಲ್ಕನೆಯದು, ಕೇಬಲ್ ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ಎರಡರಲ್ಲಿ ಒಂದೇ ಕೇಬಲ್‌ಗೆ ದುಡ್ಡಿದ್ದರೆ ರಿಮೋಟ್ ಅಂತ ಹೇಳುವ ಡಿಜಿಟಲ್ ಇನ್‌ಪುಟ್ ಮೊದಲು ಎಳೆಯಿರಿ. ಲೋಕಲ್ ಇದ್ದಾಗ ಕಂಟ್ರೋಲರ್ ತಾನಾಗಿ ಮ್ಯಾನುಯಲ್‌ಗೆ ಬೀಳಲಿ, ಇಂಟಿಗ್ರಲ್ ಓಡದಿರಲಿ. ಡ್ರೈವ್ ಡಿಸ್‌ಪ್ಲೇ ಓದಿ, ಆ ಬೆಲೆಯನ್ನು ಕಮಾಂಡ್ ಸ್ಕೇಲ್‌ನ ಪರ್ಸೆಂಟ್‌ಗೆ ಬದಲಾಯಿಸಿ ಆಪರೇಟರ್ ಕೈಯಾರೆ ಹೊಡೆದ ಮೇಲೇ ರಿಮೋಟ್‌ಗೆ ತಿರುಗಿಸಲಿ. ಹಳೆಯ ಪಿಎಲ್‌ಸಿ, ಮೋಟಾರ್ ವಾಲ್ವ್: ಐದನೆಯದು. ಎರಡನೆಯದನ್ನು ಮೂರರ ಮೇಲೆ ಸೇರಿಸಬೇಕಾ ಅನ್ನುವುದನ್ನು ಪ್ರೋಸೆಸ್‌ನವರ ಹತ್ತಿರ ಕೇಳಿ ತೀರ್ಮಾನಿಸಿ, ಸೆಟ್‌ಪಾಯಿಂಟ್ ಅವರದ್ದು.

ಹಾಕಿದ ಮೇಲೆ ಪರೀಕ್ಷೆ ಹೀಗೆ ಮಾಡಿ. ಟ್ರೆಂಡ್ ಅನ್ನು ಒಂದು ಸೆಕೆಂಡ್ ವೇಗಕ್ಕೆ ತನ್ನಿ. ನಿಮಿಷಕ್ಕೊಂದು ಚುಕ್ಕೆ ಹಾಕುವ ಟ್ರೆಂಡ್‌ನಲ್ಲಿ ಜಿಗಿತಕ್ಕೂ ಇಂಟಿಗ್ರಲ್ ಏರಿಕೆಗೂ ವ್ಯತ್ಯಾಸ ಕಾಣುವುದಿಲ್ಲ. ಪ್ರೋಸೆಸ್ ತಡೆದುಕೊಳ್ಳುವ ಹೊತ್ತಿನಲ್ಲಿ, ಪ್ರೊಡಕ್ಷನ್‌ನವರಿಗೆ ಹೇಳಿ, ಮ್ಯಾನುಯಲ್‌ನಲ್ಲಿ ವಾಲ್ವನ್ನು ಐದಾರು ಪರ್ಸೆಂಟ್ ಸರಿಸಿ ಟೆಂಪರೇಚರ್ ಸೆಟ್‌ಪಾಯಿಂಟ್‌ನಿಂದ ದೂರ ಹೋಗಲು ಬಿಡಿ. ಇಂಟಿಗ್ರಲ್ ಟೈಮ್‌ನ ಎರಡು ಮೂರು ಪಟ್ಟು ಕಾಯಿರಿ, ನಮ್ಮ ಹೀಟರ್‌ಗಾದರೆ ನಾಲ್ಕರಿಂದ ಆರು ನಿಮಿಷ. ಕಾಯದೆ ಕೂಡಲೇ ಆಟೋಗೆ ಹಾಕಿದರೆ ಕೆಟ್ಟ ಲೂಪ್ ಕೂಡ ಪಾಸಾಗಿಬಿಡಬಹುದು. ಈಗ ಆಟೋ ಒತ್ತಿ. ಔಟ್‌ಪುಟ್ ಗೆರೆ ನಿಂತಲ್ಲಿಂದಲೇ ಓರೆಯಾಗಿ ಹೊರಡಬೇಕು, ಮೆಟ್ಟಿಲು ಕಾಣಬಾರದು. ಮೆಟ್ಟಿಲು ಕಂಡರೆ ಅದರ ಎತ್ತರ ಅಳೆಯಿರಿ. ಗೇನ್ × ಎರರ್‌ನಷ್ಟೇ ಇದ್ದರೆ ಪಿ ಪಾಲು ಕಳೆಯುವುದನ್ನು ಯಾರೋ ಮರೆತಿದ್ದಾರೆ. ಕಾದಷ್ಟೂ ಎತ್ತರ ಜಾಸ್ತಿಯಾಗುತ್ತಿದ್ದರೆ ಇಂಟಿಗ್ರಲ್ ಹಿಂದೆ ಓಡುತ್ತಿದೆ.

ಹೀಟರ್‌ನಲ್ಲಿ ಬ್ಲಾಕ್‌ನ ಹೊರಗಿದ್ದ ಸ್ವಿಚ್ ತೆಗೆದು ಮ್ಯಾನುಯಲ್ ಬಿಟ್‌ಗೆ ಸೇರಿಸಿದ ಮೇಲೆ ಅದೇ ಆಪರೇಟರ್ ಕೈಯಲ್ಲೇ ಆಟೋ ಒತ್ತಿಸಿದೆ. ಅವರು ಒತ್ತಿ, ಬೆರಳನ್ನು ಮ್ಯಾನುಯಲ್ ಬಟನ್ ಮೇಲೇ ಇಟ್ಟುಕೊಂಡು ಎರಡು ನಿಮಿಷ ಟ್ರೆಂಡ್ ನೋಡುತ್ತಾ ನಿಂತರು. ಆಮೇಲೆ ಕೈ ತೆಗೆದು ಚಹಾಕ್ಕೆ ಹೋದರು.